ಪರಿವಿಡಿ ನೋಡಿ ಕತ್ತರಿ ಹಾಕುವ ಮಹಾನುಭಾವರಿಗೆ

ನಮ್ಮ ಕಾಲೇಜಿನ ವಾಟ್ಸಾಪ್ ಗ್ರೂಪಿಗೆ ಇವತ್ತು ಒಂದು ರೆಫರೆನ್ಸ್ ಪುಸ್ತಕದ PDF ಅಧ್ಯಾಯವಾರು ಕತ್ತರಿಸಿ ಬಂತು. ಖುಷಿಯಿಂದ ಎರಡನೇ ಅಧ್ಯಾಯ ತೆಗೆದೆ. ಮೊದಲ ಪುಟವೇ ಅರ್ಧ ವಾಕ್ಯದಿಂದ ಶುರು. ಪುಟದ ಕೆಳಗೆ 11 ಅಂತ ಅಚ್ಚಾಗಿದೆ. ಪರಿವಿಡಿಯಲ್ಲಿ ನೋಡಿದರೆ ಎರಡನೇ ಅಧ್ಯಾಯ 27ರಿಂದ 57. ಅಂದರೆ ಮೊದಲ ಅಧ್ಯಾಯದ ಬಾಲವನ್ನು ಎರಡನೆಯದರ ತಲೆಗೆ ಅಂಟಿಸಿ, ಎರಡನೆಯದನ್ನು ಅರ್ಧಕ್ಕೇ ಕೊಯ್ದಿದ್ದಾರೆ.

ಏನಾಗಿದೆ ಅಂತ ತಕ್ಷಣ ಗೊತ್ತಾಯಿತು. ಪರಿವಿಡಿಯ ಅಂಕಿಯನ್ನು ಹಾಗೇ ಟೈಪ್ ಮಾಡಿದ್ದಾರೆ. ಸ್ವಾಮಿ, ಪುಸ್ತಕದ ಪುಟಸಂಖ್ಯೆ ಬೇರೆ, ಫೈಲಿನ ಪುಟಸಂಖ್ಯೆ ಬೇರೆ. ಫೈಲು ಮುಖಪುಟದಿಂದಲೇ ಎಣಿಸುತ್ತದೆ. ಈ ಪುಸ್ತಕದಲ್ಲಿ ಮುಖಪುಟ, ಅರ್ಪಣೆ, ಮುನ್ನುಡಿ, ಪರಿವಿಡಿ ಎಲ್ಲಾ ಸೇರಿ 16 ಪುಟ. ಅಚ್ಚಿನ 1ನೇ ಪುಟ ಫೈಲಿನಲ್ಲಿ 17. ಹಾಗಾಗಿ 27–57 ಬೇಕಾದರೆ ಕೇಳಬೇಕಾದ್ದು 43–73. qpdf ಎಂಬ ಸಾಫ್ಟ್‌ವೇರಿನಲ್ಲಾದರೆ ಹೀಗೆ:

```
qpdf pustaka.pdf --pages . 43-73 -- 02.pdf
```

ಇಷ್ಟೇ. ಕಮಾಂಡ್ ಬೇಡ ಅನ್ನುವವರು ಯಾವ ಸಾಫ್ಟ್‌ವೇರ್ ಬೇಕಾದರೂ ಬಳಸಲಿ, ಲೆಕ್ಕ ಮಾತ್ರ ಇದೇ. ಕೆಲವು ಫೈಲುಗಳು ತೆರೆದಾಗ ಮೇಲೆ ಎರಡು ಅಂಕಿ ತೋರಿಸುತ್ತವೆ: 27, ಪಕ್ಕದಲ್ಲಿ 43 of 412. ಕತ್ತರಿಸಲು ಬೇಕಾದ್ದು 43. ಅಚ್ಚಿನ ಅಂಕಿಯ ಮೋಹ ಬಿಡಿ.

'16 ಕೂಡಿಸಿದರೆ ಆಯ್ತಲ್ವಾ, ಇದಕ್ಕೂ ಒಂದು ಪೋಸ್ಟಾ' ಅಂತ ಯಾರೋ ಬರೆಯುತ್ತಾರೆ, ಗೊತ್ತು. ಆಗಲ್ಲ ಕಣ್ರೀ. ಇದೇ ಪುಸ್ತಕದಲ್ಲಿ 96ನೇ ಪುಟ ಆದ ಮೇಲೆ ನಾಲ್ಕು ಪುಟ ಫೋಟೋಗಳಿವೆ. ಅವಕ್ಕೆ ನಂಬರೇ ಇಲ್ಲ. ಅಲ್ಲಿಂದಾಚೆ ವ್ಯತ್ಯಾಸ 16 ಅಲ್ಲ, 20. ನಾಲ್ಕನೇ ಅಧ್ಯಾಯ ಅಚ್ಚಿನಲ್ಲಿ 89ರಿಂದ 130. ಫೈಲಿನಲ್ಲಿ 105ರಿಂದ 150. ಶುರುವಿಗೆ ಕೂಡಿಸಿದ್ದು 16, ಕೊನೆಗೆ ಕೂಡಿಸಿದ್ದು 20. ಸ್ಕ್ಯಾನ್ ಮಾಡಿದವರು ಖಾಲಿ ಪುಟ ಬಿಟ್ಟಿದ್ದರೆ ಅಥವಾ ಎರಡು ಹಾಳೆ ಒಟ್ಟಿಗೆ ಮಗುಚಿದ್ದರೆ ವ್ಯತ್ಯಾಸ ಉಲ್ಟಾ ಕಡಿಮೆಯಾಗುತ್ತದೆ.

ಕಂಡುಹಿಡಿಯುವುದು ಸುಲಭ. ಶುರುವಿನಲ್ಲಿ, ನಡುವೆ, ಕೊನೆಯಲ್ಲಿ ಒಂದೊಂದು ಪುಟ ತೆಗೆದು, ಫೈಲಿನ ಅಂಕಿಯಿಂದ ಅಚ್ಚಿನ ಅಂಕಿ ಕಳೆಯಿರಿ. ಮೂರೂ ಕಡೆ ಒಂದೇ ಬಂದರೆ ಬಹುಪಾಲು ನಿಶ್ಚಿಂತೆ. ಇಲ್ಲಿ ಕೊನೆಯ ಪುಟ ಅಚ್ಚಿನಲ್ಲಿ 392, ಫೈಲಿನಲ್ಲಿ 412. ಶುರುವಿನಲ್ಲಿ 16 ಇದ್ದದ್ದು 20 ಆಗಿದೆ, ಅಂದರೆ ಮಧ್ಯೆ ಎಲ್ಲೋ ನಾಲ್ಕು ಪುಟ ನುಸುಳಿದೆ. ಅರ್ಧಕ್ಕೆ ಹೋಗಿ, ಅದರರ್ಧಕ್ಕೆ ಹೋಗಿ ನೋಡುತ್ತಾ ಬಂದರೆ ಜಾಗ ಸಿಗುತ್ತದೆ. ಇಂಥದ್ದು ಹುಡುಕುವಾಗ ನನಗೆ ಊಟ ನೆನಪಾಗಲ್ಲ, ಮನೆಯಲ್ಲಿ ಬೈಸಿಕೊಳ್ಳುತ್ತೇನೆ. ಇರಲಿ.

ಬುಕ್‌ಮಾರ್ಕ್ ಇರುವ ಫೈಲಾದರೆ ಈ ಕೂಡು-ಕಳೆ ಬೇಡ. ಬುಕ್‌ಮಾರ್ಕಿನ ಒಳಗೆ ಇರುವುದು ಫೈಲಿನ ಪುಟವೇ. ಮೊದಲು pdftk ಎಂಬ ಸಾಫ್ಟ್‌ವೇರಿನಿಂದ ಪಟ್ಟಿ ತೆಗೆಯಿರಿ:

```
pdftk pustaka.pdf dump_data_utf8 output patti.txt
```

dump_data ಆದ ಮೇಲಿನ _utf8 ಬಿಟ್ಟರೆ ಕನ್ನಡ ಹೆಸರುಗಳ ಜಾಗದಲ್ಲಿ ಬರೀ ಅಂಕಿಗಳ ಸಾಲು ಬರುತ್ತದೆ. ಪಟ್ಟಿಯಲ್ಲಿ ಪ್ರತಿ ಬುಕ್‌ಮಾರ್ಕಿಗೂ ಹೆಸರು, BookmarkLevel, BookmarkPageNumber ಇರುತ್ತದೆ. ಲೆವೆಲ್ 1 ಸಾಮಾನ್ಯವಾಗಿ ಅಧ್ಯಾಯ, 2 ಉಪಶೀರ್ಷಿಕೆ. PDFsam Basic ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಬುಕ್‌ಮಾರ್ಕಿನ ಪ್ರಕಾರ ಒಡೆಯುವಾಗ ಕೇಳುವುದು ಇದೇ ಲೆವೆಲ್. ಪುಸ್ತಕವನ್ನು 'ಭಾಗ ಒಂದು', 'ಭಾಗ ಎರಡು' ಅಂತ ಮಾಡಿದ್ದರೆ ಲೆವೆಲ್ 1 ಭಾಗವಾಗಿರುತ್ತದೆ, ಅಧ್ಯಾಯ 2ಕ್ಕೆ ಇಳಿದಿರುತ್ತದೆ. ಪಟ್ಟಿ ನೋಡದೆ ಗುಂಡಿ ಒತ್ತಿದರೆ ಎರಡೇ ಫೈಲು ಸಿಗಬಹುದು, ಚೂರುಚೂರಾದ ಎಂಬತ್ತೂ ಸಿಗಬಹುದು.

'ಇಡೀ ಪುಸ್ತಕ ಕಳಿಸಿ, ಓದುವವರು ಹುಡುಕಿಕೊಳ್ಳಲಿ' ಅನ್ನುವವರೂ ಇದ್ದಾರೆ. ಪಾವಗಡದಿಂದ, ಮಧುಗಿರಿಯಿಂದ ಬಸ್ಸಿನಲ್ಲಿ ಬರುವ ನಮ್ಮ ಮಕ್ಕಳ ಫೋನಿನಲ್ಲಿ ಆ ಸ್ಕ್ಯಾನ್ ಫೈಲು ತೆರೆಯುವಷ್ಟರಲ್ಲಿ ತುಮಕೂರು ಬಂದಿರುತ್ತದೆ. ನೀವೇ ಒಮ್ಮೆ ತೆರೆದು ನೋಡಿ, ಆಮೇಲೆ ಉಪದೇಶ.

ಇನ್ನೊಂದು. ಕೆಲವು ಪುಸ್ತಕಗಳಲ್ಲಿ ಹೊಸ ಅಧ್ಯಾಯ ಹೊಸ ಪುಟದಿಂದ ಶುರುವಾಗಲ್ಲ, ಪುಟದ ನಡುವೆಯೇ ಶುರುವಾಗುತ್ತದೆ. ಬುಕ್‌ಮಾರ್ಕಿನ ಪ್ರಕಾರ ಒಡೆದರೆ ಆ ಪುಟ ಮುಂದಿನ ಅಧ್ಯಾಯಕ್ಕೆ ಮಾತ್ರ ಹೋಗಿ, ಹಿಂದಿನದರ ಕೊನೆಯ ಪ್ಯಾರಾ ಮಾಯ. ಅಂಥ ಕಡೆ ಪುಟದ ಅಂಕಿ ಕೊಟ್ಟು, ಆ ಒಂದು ಪುಟವನ್ನು ಎರಡೂ ಫೈಲಿಗೆ ಹಾಕಿ. ಕಳಿಸುವ ಮೊದಲು ಪ್ರತಿ ಫೈಲಿನ ಮೊದಲ ಪುಟ, ಕೊನೆಯ ಪುಟ ಕಣ್ಣಾರೆ ನೋಡಿ. ಆ ಎರಡು ಪುಟ ನೋಡಲು ಪುರುಸೊತ್ತಿಲ್ಲದವರು ದಯವಿಟ್ಟು ಗ್ರೂಪಿಗೆ ಗುಡ್ ಮಾರ್ನಿಂಗ್ ಮಾತ್ರ ಕಳಿಸಿ.