"ಏನಾದರೂ ಸೇರಿಸೋದಿದ್ರೆ ತಿಳಿಸಿ" ಅಂತ ಬರೆದರೆ ಸಾಲದು

ಇವತ್ತು ಮತ್ತೆ ಅಂಥದ್ದೇ ಒಂದು ಮೇಲ್ ಕಣ್ಣಿಗೆ ಬಿತ್ತು. ನಾಳೆ ಬೆಳಿಗ್ಗೆ 11ಕ್ಕೆ ಮೀಟಿಂಗ್, ಇವತ್ತು ಸಂಜೆ ಆರೂವರೆಗೆ ಅಜೆಂಡಾ. ಜೊತೆಗೆ ನಲವತ್ತು ಪುಟದ ಪಿಡಿಎಫ್. ಕೊನೆಯಲ್ಲಿ ಒಂದು ಸಾಲು: "ಏನಾದರೂ ಸೇರಿಸೋದಿದ್ರೆ ತಿಳಿಸಿ." ಯಾರೂ ಏನೂ ತಿಳಿಸೋದಿಲ್ಲ. ಆಮೇಲೆ ಮೀಟಿಂಗ್ ಕರೆದವರು "ನಮ್ಮವರಿಗೆ ಆಸಕ್ತಿಯೇ ಇಲ್ಲ" ಅಂತಾರೆ. ನನಗೆ ಸಿಟ್ಟು ಬರೋದು ಈ ಮಾತಿಗೇ. ಆಸಕ್ತಿ ಇಲ್ಲದಿರೋದಲ್ಲ, ಕೇಳಿದ ರೀತಿಯೇ ಸರಿ ಇಲ್ಲ.

ಆ ಸಾಲಿಗೆ ಉತ್ತರ ಯಾಕೆ ಬರಲ್ಲ ನೋಡಿ. ಎಲ್ಲರಿಗೂ ಒಟ್ಟಿಗೆ ಕೇಳಿದ್ದು, ಹಾಗಾಗಿ ಬೇರೆ ಯಾರೋ ಹೇಳ್ತಾರೆ ಅಂತ ಪ್ರತಿಯೊಬ್ಬರೂ ಬಿಡ್ತಾರೆ. ಯಾವಾಗಿನವರೆಗೆ ಹೇಳಬಹುದು ಅಂತ ಗಡುವು ಇಲ್ಲ. ಅಜೆಂಡಾದಲ್ಲಿ ಅರವತ್ತೂ ನಿಮಿಷ ಆಗಲೇ ಹಂಚಿಹೋಗಿವೆ, ಸೇರಿಸೋದಾದ್ರೂ ಎಲ್ಲಿ? ಹೊಸದಾಗಿ ಬಂದವರಿಗಂತೂ ತಮ್ಮ ವಿಷಯ ಮೀಟಿಂಗ್‌ಗೆ ತರುವಷ್ಟು ದೊಡ್ಡದೋ ಅಲ್ಲವೋ ಅನ್ನೋದೇ ಗೊತ್ತಿರಲ್ಲ. ಇದರ ಮೇಲೆ ಇನ್ನೊಂದು: ಲಿಂಕ್ ಒತ್ತಿದರೆ "Request access" ಅಂತ ಬರುತ್ತೆ. ಅಲ್ಲಿಗೆ ಮುಗೀತು, ಹತ್ತರಲ್ಲಿ ಎಂಟು ಜನ ಆ ಕಿಟಕಿ ಮುಚ್ಚಿ ತಮ್ಮ ಕೆಲಸಕ್ಕೆ ಹೋಗ್ತಾರೆ. ಗೂಗಲ್ ಡಾಕ್‌ನಲ್ಲಿ ಹಂಚುವಾಗ Viewer ಅಂತ ಬಿಟ್ಟರೆ ಓದಬಹುದು, ಬರೆಯೋಕೆ ಆಗಲ್ಲ. Editor ಕೊಟ್ಟರೆ ಯಾರೋ ಸಾಲುಗಳನ್ನ ಮೇಲೆ ಕೆಳಗೆ ಮಾಡಿಬಿಡ್ತಾರೆ. Commenter ಕೊಡಿ, ಸೇರಿಸಬೇಕಾದ್ದನ್ನ ಅವರು ಸಲಹೆಯಾಗಿ ಬರೀತಾರೆ, ಒಪ್ಪಿಕೊಳ್ಳೋದು ನಿಮ್ಮ ಕೈಯಲ್ಲಿರುತ್ತೆ. ಕಳಿಸಿದ ತಕ್ಷಣ ಬರುವವರಲ್ಲಿ ಒಬ್ಬರಿಗೆ ಹೇಳಿ ಲಿಂಕ್ ತೆರೆಸಿ ನೋಡಿ. ನಿಮ್ಮ ಕಂಪ್ಯೂಟರ್‌ನಲ್ಲಿ ಅದು ಯಾವಾಗಲೂ ತೆರೆಯುತ್ತೆ, ಅದರಿಂದ ಏನೂ ಗೊತ್ತಾಗಲ್ಲ.

ಸರಿಯಾಗಿ ಕರೆಯೋದು ಅಂದ್ರೆ ಹೇಗೆ ಅಂತ ಒಂದು ಉದಾಹರಣೆಯಲ್ಲೇ ಹೇಳ್ತೀನಿ. ಗುರುವಾರ 11ಕ್ಕೆ ಮೀಟಿಂಗ್, ಒಂದು ಗಂಟೆ, ಎಂಟು ಜನ. ಕರಡು ಅಜೆಂಡಾ ಹಿಂದಿನ ಶುಕ್ರವಾರವೇ ಹೋಗಬೇಕು. ಅದರಲ್ಲಿ ಎರಡು ವಿಷಯ: ನಿರ್ವಹಣೆ ಗುತ್ತಿಗೆಗೆ 20 ನಿಮಿಷ, ಹೊಸಬರ ತರಬೇತಿಗೆ 15. ಕೊನೆಗೆ ಯಾರು ಏನು ಯಾವಾಗ ಮಾಡ್ತಾರೆ ಅಂತ ಬರೆದುಕೊಳ್ಳೋಕೆ 10. ಉಳಿದ 15 ನಿಮಿಷವನ್ನ "ನಿಮ್ಮ ವಿಷಯಗಳಿಗೆ" ಅಂತ ಬರೆದು ಖಾಲಿ ಬಿಡಿ. ಖಾಲಿ ಜಾಗ ಕಣ್ಣಿಗೆ ಕಂಡಾಗಲೇ ಜನ ಬರೆಯೋದು. ಗಡುವು ಮಂಗಳವಾರ ಮಧ್ಯಾಹ್ನ 12. ಅಂತಿಮ ಪಟ್ಟಿ ಮತ್ತು ಓದಬೇಕಾದ್ದೆಲ್ಲ ಅವತ್ತೇ ಸಂಜೆ. ಆಗ ಓದೋಕೆ ಬುಧವಾರ ಪೂರ್ತಿ ಸಿಗುತ್ತೆ. ಮೇಲ್ ಎಲ್ಲರಿಗೂ ಹೋದ ಮೇಲೆ, ಹೇಳೋದಿದ್ದೂ ಸುಮ್ಮನಿರ್ತಾರೆ ಅಂತ ನಿಮಗನ್ನಿಸೋ ಇಬ್ಬರಿಗೆ ಬೇರೆಯಾಗಿ ಬರೆಯಿರಿ: "ಗುತ್ತಿಗೆ ವಿಚಾರದಲ್ಲಿ ನಿಮ್ಮ ಕಡೆಯಿಂದ ತರಬೇಕಾದ್ದು ಇದೆಯಾ?" ಉತ್ತರ ಬರೋದು ಬಹುಪಾಲು ಈ ಮೇಲ್‌ಗೇ.

ಸೇರಿಸುವವರು ಬರೆಯಬೇಕಾದ್ದು ಒಂದೇ ಸಾಲು, ಆದರೆ ಆ ಸಾಲಿನಲ್ಲಿ ಐದು ಸಂಗತಿ ಇರಬೇಕು: ಏನು, ಯಾರು ಮಂಡಿಸ್ತಾರೆ, ಎಷ್ಟು ನಿಮಿಷ, ಏನು ಓದಿ ಬರಬೇಕು, ಮತ್ತು ಮೀಟಿಂಗ್‌ನಿಂದ ಏನು ಬೇಕು, ಅಂದರೆ ತೀರ್ಮಾನವೋ ಚರ್ಚೆಯೋ ಬರೀ ಮಾಹಿತಿಯೋ. ವಿಷಯವನ್ನ ಪ್ರಶ್ನೆಯಾಗಿ ಬರೆಸಿ. "ನಿರ್ವಹಣೆ ಗುತ್ತಿಗೆ" ಅಂತಿದ್ದರೆ ಎಂಟು ಜನ ಎಂಟು ಥರ ಅಂದುಕೊಂಡು ಬರ್ತಾರೆ. "ಈಗಿನ ಗುತ್ತಿಗೆಯನ್ನ ಇನ್ನೊಂದು ವರ್ಷ ಮುಂದುವರಿಸಬೇಕೋ, ಬೇರೆಯವರಿಂದ ದರ ಕೇಳಬೇಕೋ?" ಅಂತಿದ್ದರೆ ಉತ್ತರ ಯೋಚಿಸಿಕೊಂಡು ಬರ್ತಾರೆ.

ಈಗ ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಮೂರು ವಿಷಯ ಬಂದವು ಅಂದುಕೊಳ್ಳಿ. ಒಬ್ಬರು 10 ನಿಮಿಷ, ಇನ್ನೊಬ್ಬರು 10, ಮತ್ತೊಬ್ಬರು 5 ಕೇಳಿದ್ದಾರೆ. ಒಟ್ಟು 25, ಇರೋದು 15. ಮುಂಚೆ ಬರೆದವರಿಗೆ ಮೊದಲ ಜಾಗ ಅಂತ ಕೊಡಬೇಡಿ, ಮೂರನ್ನೂ ಓದಿ ನೋಡಿ. 5 ನಿಮಿಷದ್ದು ರಜೆ ಅರ್ಜಿಯ ಹೊಸ ವ್ಯವಸ್ಥೆ ಯಾವತ್ತಿಂದ ಅನ್ನೋ ಮಾಹಿತಿ. ಅದಕ್ಕೆ ಎಂಟು ಜನ ಕೂರಬೇಕಾಗಿಲ್ಲ, ಮೇಲ್‌ನಲ್ಲಿ ಎರಡು ಸಾಲು ಸಾಕು. ಹತ್ತು ನಿಮಿಷದ ಒಂದು ವಿಷಯ, ದೂರು ಕೊಟ್ಟರೂ ರಿಪೇರಿಯವರು ದಿನಗಟ್ಟಲೆ ಬರಲ್ಲ ಅನ್ನೋದು. ಇದು ಬೇರೆ ವಿಷಯವೇ ಅಲ್ಲ, ಮೊದಲನೆಯ ವಿಷಯಕ್ಕೇ ಸೇರಿದ್ದು. ಅಲ್ಲಿಗೇ ಸೇರಿಸಿ ಅದನ್ನ 25 ನಿಮಿಷ ಮಾಡಿ. ಉಳಿದ ವಿಷಯಕ್ಕೆ 10. ಈಗ ಲೆಕ್ಕ ಹಾಕಿ: 25, 15, 10, ಕೊನೆಯ 10. ಸರಿಯಾಗಿ 60. ಆ ದೂರು ಮಂಗಳವಾರ ಬಾರದೆ ಗುತ್ತಿಗೆ ಮುಂದುವರಿಸೋದು ಅಂತ ತೀರ್ಮಾನ ಆದ ಮೇಲೆ, ಹೊರಗೆ ಬರುವಾಗ ಬಾಗಿಲ ಬಳಿ ಬಂದಿದ್ದರೆ? ಇನ್ನೊಂದು ಮೀಟಿಂಗ್ ಕರೀಬೇಕಿತ್ತು.

ಮೂವರಿಗೂ ಉತ್ತರ ಬರೆಯೋದನ್ನ ಮಾತ್ರ ಮರೀಬೇಡಿ. "ನಿಮ್ಮದನ್ನ ಮೊದಲನೆಯ ವಿಷಯದಲ್ಲಿ ಸೇರಿಸಿದ್ದೇನೆ, ನೀವೇ ಐದು ನಿಮಿಷ ಮಾತಾಡಿ" ಅಂತ ಒಂದು ಸಾಲು. ಕೊಟ್ಟ ವಿಷಯ ಎಲ್ಲಿ ಹೋಯ್ತು ಅಂತ ತಿಳಿಯದಿದ್ದರೆ ಅವರು ಮುಂದಿನ ಸಲ ಖಂಡಿತ ಬರೆಯಲ್ಲ. ಅಂತಿಮ ಅಜೆಂಡಾದ ತಲೆಗೆ ಏನು ಬದಲಾಗಿದೆ ಅಂತಲೂ ಬರೆಯಿರಿ, ಶುಕ್ರವಾರ ಓದಿದವರು ಮತ್ತೆ ಪೂರ್ತಿ ಓದೋದು ಬೇಡ. ಫೈಲ್ ಲಗತ್ತಿಸೋದು ಬೇಡ, ಅದೇ ಲಿಂಕ್ ಇರಲಿ. ಲಗತ್ತಿಸಿದರೆ ಒಬ್ಬೊಬ್ಬರ ಮುಂದೆ ಒಂದೊಂದು ಹಳೇ ಪ್ರತಿ ಇರುತ್ತೆ.

ಓದಿನ ವಿಚಾರ. ಎಲ್ಲ ಸೇರಿ ಅರ್ಧ ಗಂಟೆಯಲ್ಲಿ ಓದಿ ಮುಗಿಯುವಷ್ಟಿರಲಿ. ನಲವತ್ತು ಪುಟದ ವರದಿ ಕಳಿಸಲೇಬೇಕಾದರೆ "4ನೇ ಪುಟದ ಕೋಷ್ಟಕ ಮತ್ತು 11ರಿಂದ 13, ಉಳಿದದ್ದು ಬೇಕಿದ್ದರೆ ಮಾತ್ರ" ಅಂತ ಬರೆಯಿರಿ. ಅದಕ್ಕಿಂತ ಒಳ್ಳೇದು ಒಂದು ಪುಟದ ಟಿಪ್ಪಣಿ: ಈಗಿನ ಸ್ಥಿತಿ, ಇರುವ ಆಯ್ಕೆಗಳು, ಒಂದೊಂದರ ಖರ್ಚು, ಬರೆದವರ ಸಲಹೆ.

"ಎಷ್ಟು ಚೆನ್ನಾಗಿ ಕಳಿಸಿದ್ರೂ ಯಾರೂ ಓದಲ್ಲ ಬಿಡಿ" ಅನ್ನೋರು ಇದ್ದೇ ಇರ್ತಾರೆ. ಓದಿಲ್ಲ ಅನ್ನೋದು ಮೊದಲ ಐದು ನಿಮಿಷದಲ್ಲೇ ಗೊತ್ತಾಗುತ್ತೆ, ಟಿಪ್ಪಣಿಯ ಎರಡನೇ ಸಾಲಿನಲ್ಲಿರೋದನ್ನೇ ಪ್ರಶ್ನೆ ಕೇಳ್ತಾರೆ. ಆದರೆ ಆಗ ನೀವೇನು ಮಾಡ್ತೀರಿ? ಪೂರ್ತಿ ಮೊದಲಿಂದ ವಿವರಿಸ್ತೀರಿ. ಓದಿ ಬಂದವರ ಅರ್ಧ ಗಂಟೆ ಅಲ್ಲೇ ವ್ಯರ್ಥ ಆಯ್ತು. ಓದದಿದ್ದರೂ ನಡೆಯುತ್ತೆ ಅಂತ ನೀವೇ ಎಲ್ಲರಿಗೂ ಕಲಿಸಿಕೊಟ್ಟಿರಿ. ವಿವರಿಸಬೇಡಿ. "ಐದು ನಿಮಿಷ ಎಲ್ಲರೂ ಟಿಪ್ಪಣಿ ಓದೋಣ" ಅಂತ ಹೇಳಿ ಸುಮ್ಮನೆ ಕೂತುಬಿಡಿ. ಅಮೆಜಾನ್‌ನಲ್ಲಿ ಜೆಫ್ ಬೆಜೋಸ್ ಸ್ಲೈಡ್ ತೆಗೆದುಹಾಕಿ ಆರು ಪುಟದ ಬರಹ ತಂದಾಗ ಇದನ್ನೇ ಪದ್ಧತಿ ಮಾಡಿದರು, ಮೀಟಿಂಗ್ ಶುರುವಾಗೋದೇ ಮೌನವಾಗಿ ಓದೋದರಿಂದ. ಓದೋಕೆ ಪುರುಸೊತ್ತಿಲ್ಲದ ಕಡೆ ಆ ಸಮಯವನ್ನೂ ಅಜೆಂಡಾದಲ್ಲೇ ಬರೆದುಬಿಡಿ.

ಗಡುವು ದಾಟಿ ಬಂದ ವಿಷಯ? ಮೀಟಿಂಗ್‌ನಲ್ಲಿ ತಿಳಿಸಲಿ, ಕೇಳಿಸಿಕೊಳ್ಳೋಣ. ಅವತ್ತೇ ಅದರ ಮೇಲೆ ತೀರ್ಮಾನ ಬೇಡ, ಯಾಕಂದ್ರೆ ಉಳಿದ ಏಳು ಜನ ಅದಕ್ಕೆ ತಯಾರಾಗಿ ಬಂದಿರಲ್ಲ. ಮುಂದಿನ ಮೀಟಿಂಗ್‌ವರೆಗೆ ಕಾದರೆ ನಷ್ಟ ಆಗುತ್ತೆ ಅನ್ನುವಂಥದ್ದಾದರೆ ಮಾತ್ರ ಇದಕ್ಕೆ ವಿನಾಯಿತಿ, ಮತ್ತೆ ಆ ನಷ್ಟ ಏನು ಅಂತ ತಂದವರೇ ಹೇಳಬೇಕು. ಯಾರದಾದರೂ ಸಂಬಳ, ಶಿಸ್ತುಕ್ರಮದಂಥ ವಿಷಯಗಳನ್ನ ಎಲ್ಲರಿಗೂ ತೆರೆದಿರೋ ಈ ಪಟ್ಟಿಗೆ ಹಾಕಲೇಬೇಡಿ. ಅದಕ್ಕೆ ಸಂಬಂಧಪಟ್ಟವರನ್ನಷ್ಟೇ ಬೇರೆಯಾಗಿ ಕರೆಯಿರಿ.