ಗೂಟ ನೋಡಿ ಊರು ಹೇಳುವುದು

ನಮ್ಮ ಕಡೆ ಹಿರಿಯರು ಹಣೆ ನೋಡಿ ಮತ ಹೇಳುತ್ತಿದ್ದರು. ಅಡ್ಡ ಗೆರೆಯೋ ಉದ್ದ ಗೆರೆಯೋ, ನಾಮವೋ ಅಂಗಾರವೋ ಎಂದು ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಪಂಕ್ತಿಯಲ್ಲಿ ಕೂತವರು ಯಾವ ಮಠದವರೆಂದು ಗೊತ್ತಾಗಿಬಿಡುತ್ತಿತ್ತು. ಈಗ ನನ್ನ ತಂಗಿಯ ಮಗಳು ರಸ್ತೆ ಬದಿಯ ಗೂಟ ನೋಡಿ ದೇಶ ಹೇಳುತ್ತಾಳೆ. ಜಿಯೋಗೆಸರ್ ಎಂಬ ಆಟ ಅವಳ ಕೈಗೆ ಸಿಕ್ಕಿದಾಗಿನಿಂದ ಮನೆಯಲ್ಲಿ ಇದೇ ಕೆಲಸ. 2013ರಲ್ಲಿ ಸ್ವೀಡನ್ನಿನ ಒಬ್ಬಾತ ಮಾಡಿದ ಆಟ ಅದು. ಗೂಗಲ್ ಸ್ಟ್ರೀಟ್ ವ್ಯೂದ ಯಾವುದೋ ರಸ್ತೆಯಲ್ಲಿ ತಂದು ನಿಲ್ಲಿಸುತ್ತದೆ. ನಾವು ಸುತ್ತ ನೋಡಿ, ಇದು ಎಲ್ಲಿ ಎಂದು ನಕ್ಷೆಯ ಮೇಲೆ ಗುರುತು ಹಾಕಬೇಕು. ಬೋರ್ಡು, ಅಂಗಡಿ, ದೇವಸ್ಥಾನ ಇದ್ದರೆ ಯಾರು ಬೇಕಾದರೂ ಹೇಳಿಯಾರು. ಬರೀ ಹೊಲ, ಬರೀ ಡಾಂಬರು, ಮೇಲೆ ಬೂದು ಆಕಾಶ ಇದ್ದರೆ ಏನು ಮಾಡುವುದು? ಆಗ ಉಳಿಯುವುದು ಗೂಟ.

"ಮಾಮ, ಇದು ಎಲ್ಲಿ ಹೇಳಿ ನೋಡೋಣ" ಎಂದು ಮೊಬೈಲು ಹಿಡಿದಳು. ಎಲ್ಲೆಲ್ಲೂ ಹಸಿರು ಬಯಲು, ನಡುವೆ ಎರಡು ಗಾಡಿ ಹೋಗುವಷ್ಟು ಅಗಲದ ರಸ್ತೆ. ಎರಡೂ ಬದಿ ಸೊಂಟದೆತ್ತರದ ಬಿಳಿ ಗೂಟಗಳು. ಯುರೋಪು ಎಂದೆ. "ಅದು ಯಾರಿಗಾದರೂ ಗೊತ್ತಾಗತ್ತೆ" ಎಂದು ಗೂಟವನ್ನು ದೊಡ್ಡದು ಮಾಡಿ ತೋರಿಸಿದಳು. ಮೇಲ್ಭಾಗದಲ್ಲಿ ಓರೆಯಾಗಿ ಒಂದು ಕಪ್ಪು ಪಟ್ಟಿ. ಆ ಪಟ್ಟಿ ಕೆಂಪಾಗಿದ್ದರೆ ಪೋಲೆಂಡ್, ಅಲ್ಲಿಗೆ ಮುಗಿಯಿತು. ಕಪ್ಪಾದ್ದರಿಂದ ಪಟ್ಟಿಯ ನಡುವೆ ಕೂರಿಸಿದ ಪ್ರತಿಫಲಕವನ್ನು ನೋಡಬೇಕು. ಅದು ಕಿತ್ತಳೆ ಬಣ್ಣದ್ದಾಗಿದ್ದರೆ ಜೆಕ್ ಕಡೆ ಹೋಗಬೇಕಿತ್ತು. ಇಲ್ಲಿ ಬಿಳಿ ಇತ್ತು. ಬಿಳಿ ಎನ್ನುವುದಕ್ಕಿಂತ ಬೂದಿ ಎನ್ನಬೇಕು, ಏಕೆಂದರೆ ಸ್ಟ್ರೀಟ್ ವ್ಯೂ ಕಾರು ಹಗಲು ಹೊತ್ತು ಓಡಾಡುತ್ತದೆ, ರಾತ್ರಿ ದೀಪ ಬಿದ್ದಾಗ ಮಿನುಗುವ ವಸ್ತು ಹಗಲಲ್ಲಿ ಮಂಕಾಗಿರುತ್ತದೆ. ಇನ್ನೂ ಒಂದು ಪರೀಕ್ಷೆ ಬಾಕಿ: ಬಲಗಡೆಯ ಗೂಟದಲ್ಲಿ ಪ್ರತಿಫಲಕ ಉದ್ದನೆಯ ಒಂದೇ ಆಯತ, ಎಡಗಡೆಯ ಗೂಟದಲ್ಲಿ ಒಂದರ ಮೇಲೊಂದು ಎರಡು ದುಂಡು ಬೊಟ್ಟು. "ಜರ್ಮನಿ" ಎಂದು ಗುರುತು ಒತ್ತಿದಳು. ಜರ್ಮನಿಯೇ ಆಗಿತ್ತು.

ಆ ಒಂದು ಆಯತ, ಎರಡು ಬೊಟ್ಟಿನ ಗುಟ್ಟು ನನಗೆ ಬಹಳ ಹಿಡಿಸಿತು. ಕತ್ತಲಲ್ಲಿ ಗೂಟ ಕಾಣುವುದಿಲ್ಲ, ಹೊಳೆಯುವ ಚುಕ್ಕೆ ಮಾತ್ರ ಕಾಣುತ್ತದೆ. ಒಂಟಿ ಕಂಡರೆ ಅದು ರಸ್ತೆಯ ಬಲ ಅಂಚು, ಜೋಡಿ ಕಂಡರೆ ಎಡ ಅಂಚು. ನಡುವೆ ಇರುವುದು ರಸ್ತೆ ಎಂದು ಚಾಲಕ ಯೋಚಿಸದೆಯೇ ತಿಳಿದುಕೊಳ್ಳುತ್ತಾನೆ. ಎದುರಿನಿಂದ ಬರುವವನಿಗೆ ನಮ್ಮ ಬಲ ಅವನ ಎಡವಲ್ಲವೇ? ಅದಕ್ಕೇ ಒಂದೇ ಗೂಟದ ಈ ಮುಖದಲ್ಲಿ ಆಯತ, ಆ ಮುಖದಲ್ಲಿ ಬೊಟ್ಟುಗಳು.

ಇದಕ್ಕಿಂತ ಜಾಣತನ ಆ ಗೂಟಗಳ ನಡುವಿನ ಅಂತರದಲ್ಲಿದೆ. ನೇರ ರಸ್ತೆಯಲ್ಲಿ ಗೂಟದಿಂದ ಗೂಟಕ್ಕೆ 50 ಮೀಟರ್, ತಿರುವಿನಲ್ಲಿ ಇನ್ನೂ ಹತ್ತಿರ. ಅಲ್ಲಿನ ಕಾನೂನಿನಲ್ಲಿ ಮಂಜು ಮುಸುಕಿ 50 ಮೀಟರಿನಾಚೆ ಕಾಣದಿದ್ದರೆ ಗಂಟೆಗೆ 50 ಕಿಲೋಮೀಟರ್ ಮೀರಬಾರದು ಎಂದಿದೆ. ಮಂಜಿನೊಳಗೆ 50 ಮೀಟರ್ ಅಳೆಯುವುದು ಹೇಗೆ? ಒಂದು ಗೂಟದ ಪಕ್ಕ ಬಂದಾಗ ಮುಂದಿನದು ಕಾಣುತ್ತದೆಯೋ ಇಲ್ಲವೋ ನೋಡಿಕೊಂಡರಾಯಿತು. ಡ್ರೈವಿಂಗ್ ಕಲಿಸುವವರು ಇನ್ನೊಂದನ್ನೂ ಹೇಳಿಕೊಡುತ್ತಾರೆ: ಸ್ಪೀಡೋಮೀಟರಿನ ಅರ್ಧದಷ್ಟು ಮೀಟರ್ ದೂರವನ್ನು ಮುಂದಿನ ಗಾಡಿಯಿಂದ ಬಿಡು. ನೂರರಲ್ಲಿ ಹೋಗುವವನು ಒಂದು ಗೂಟದಷ್ಟು ಹಿಂದಿರಬೇಕು. ನಮ್ಮ ಹೆದ್ದಾರಿಗಳಲ್ಲಿ ಅಷ್ಟು ಜಾಗ ಬಿಟ್ಟರೆ ಅದರೊಳಗೆ ಇಬ್ಬರು ಬೈಕಿನವರು, ಒಂದು ಟೆಂಪೋ ನುಗ್ಗಿಬಿಡುತ್ತಾರೆ, ಆ ಮಾತು ಬೇರೆ. ಕೆಲವು ಗೂಟಗಳಿಗೆ ನೀಲಿ ಪ್ರತಿಫಲಕವನ್ನೂ ಅಂಟಿಸಿರುತ್ತಾರೆ. ಅದು ಚಾಲಕರಿಗಲ್ಲ, ಕಾಡಿನ ಜಿಂಕೆಗಳಿಗೆ. ಗಾಡಿಯ ಬೆಳಕು ತಾಗಿ ನೀಲಿ ಹೊಳಪು ಕಾಡಿನತ್ತ ತಿರುಗಿದರೆ ಪ್ರಾಣಿಗಳು ರಸ್ತೆಗೆ ಇಳಿಯಲಾರವು ಎಂಬ ಆಸೆ.

ಹೀಗೆ ಒಂದೊಂದು ದೇಶದ್ದು ಒಂದೊಂದು ರೀತಿ. ಐಸ್‌ಲೆಂಡಿನಲ್ಲಿ ಗೂಟವೇ ಹಳದಿ, ಹಿಮದ ನಡುವೆ ಬಿಳಿ ಗೂಟ ನೆಟ್ಟು ಏನು ಸುಖ? ಆಸ್ಟ್ರೇಲಿಯಾದಲ್ಲಿ ನಮ್ಮ ಹಾಗೆ ಎಡಗಡೆ ಓಡಿಸುತ್ತಾರೆ, ಎಡದ ಗೂಟಕ್ಕೆ ಕೆಂಪು, ಬಲದ್ದಕ್ಕೆ ಬಿಳಿ. ಪಕ್ಕದ ನ್ಯೂಜಿಲೆಂಡಿನಲ್ಲಿ ಎಡಕ್ಕೆ ಬಿಳಿ, ಬಲಕ್ಕೆ ಹಳದಿ. ಇಂಥ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ಕೂತವರಿಗೂ ಜರ್ಮನಿ ಮಾತ್ರ ಬಹುಕಾಲ ಕೈಗೆ ಸಿಗಲಿಲ್ಲ. 2010ರಲ್ಲಿ ಅಲ್ಲಿ ಸ್ಟ್ರೀಟ್ ವ್ಯೂ ಬಂದಿದ್ದು 20 ನಗರಗಳಿಗೆ ಮಾತ್ರ. ಮನೆ ಮಸುಕು ಮಾಡಿ ಎಂದು ಜನ ಗಲಾಟೆ ಮಾಡಿದ್ದರು, ಕೆಲಸ ಅಲ್ಲಿಗೇ ನಿಂತಿತು. ಈ ಗೂಟಗಳ ಜಾಗವೋ ಊರಾಚೆಯ ರಸ್ತೆ, ಪೇಟೆ ಬೀದಿಯಲ್ಲಿ ಅವಕ್ಕೇನು ಕೆಲಸ? 2023ರಲ್ಲಿ ಹೊಸ ಚಿತ್ರಗಳು ಬಂದ ಮೇಲೆ ಆಟಗಾರರಿಗೆ ಅವು ರಾಶಿರಾಶಿಯಾಗಿ ಕಂಡವು.

"ಹಾಗಾದರೆ ನಮ್ಮದು?" ಎಂದು ಕೇಳಿದೆ. ಕನ್ನಡಿಗನಾದ ಮೇಲೆ ಕೇಳದಿರಲಾದೀತೇ?

ನಮ್ಮಲ್ಲಿ ಗೂಟಕ್ಕಿಂತ ಕಲ್ಲೇ ಹೆಚ್ಚು ಮಾತಾಡುತ್ತದೆ. ತಲೆ ದುಂಡಗಿನ ಕಿಲೋಮೀಟರ್ ಕಲ್ಲು, ಕೆಳಗೆ ಬಿಳಿ, ತಲೆಗೆ ಬಣ್ಣ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಇದ್ದರೆ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಹಳ್ಳಿ ರಸ್ತೆ. ಎರಡು ಕಿಲೋಮೀಟರ್ ಕಲ್ಲುಗಳ ನಡುವೆ 200 ಮೀಟರಿಗೊಂದರಂತೆ ಗಿಡ್ಡ ಕಲ್ಲುಗಳಿರುತ್ತವೆ, ಮೇಲೆ ಬರೀ 2, 4, 6, 8 ಎಂದು ಬರೆದಿರುತ್ತದೆ. ಗಾಡಿ ಕೆಟ್ಟು ನಿಂತಾಗ ಇವುಗಳ ಬೆಲೆ ಗೊತ್ತಾಗುತ್ತದೆ. ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ "ಒಂದು ದೊಡ್ಡ ಹುಣಸೆ ಮರ ಇದೆ ಸಾರ್" ಎನ್ನುವ ಬದಲು, "143 ದಾಟಿ 4ರ ಕಲ್ಲಿನ ಹತ್ತಿರ" ಎಂದರೆ ನಾವಿರುವ ಜಾಗ ಸರಿಯಾಗಿ ಸಿಗುತ್ತದೆ.

ಆದರೆ ದೇಶ ಗುರುತಿಸುವ ಆಟಕ್ಕೆ ಇಲ್ಲೊಂದು ತೊಡಕಿದೆ. ಯುರೋಪಿನ ಗೂಟದ ಬಣ್ಣ ದೇಶ ಹೇಳಿದರೆ, ನಮ್ಮ ಕಲ್ಲಿನ ಬಣ್ಣ ರಸ್ತೆ ಯಾರ ಖರ್ಚಿನದ್ದು ಎಂದಷ್ಟೇ ಹೇಳುತ್ತದೆ. ಬೀದರಿನ ಹಳದಿಗೂ ಕೊಚ್ಚಿಯ ಹಳದಿಗೂ ವ್ಯತ್ಯಾಸವಿಲ್ಲ. ಫ್ರಾನ್ಸಿನವರದೂ ಇದೇ ಪದ್ಧತಿ. ಅಲ್ಲೂ ದುಂಡು ತಲೆಯ ಬಿಳಿ ಕಲ್ಲು, ಕೆಂಪು ತಲೆ ರಾಷ್ಟ್ರೀಯ ರಸ್ತೆಗೆ, ಹಳದಿ ತಲೆ ಜಿಲ್ಲೆಯಂಥ ಆಡಳಿತ ಘಟಕದ ರಸ್ತೆಗೆ. ನಮ್ಮ ಹಳದಿ ದೆಹಲಿಯದು, ಅವರ ಹಳದಿ ಜಿಲ್ಲೆಯದು. 2006ರಲ್ಲಿ ಅಲ್ಲಿನ ಸರ್ಕಾರ ಎಷ್ಟೋ ಸಾವಿರ ಕಿಲೋಮೀಟರ್ ರಾಷ್ಟ್ರೀಯ ರಸ್ತೆಯನ್ನು ಆ ಘಟಕಗಳ ತಲೆಗೆ ಕಟ್ಟಿತು. ರಸ್ತೆ ಕೈ ಬದಲಿಸಿದ ಮೇಲೂ ಅಲ್ಲಲ್ಲಿ ಕಲ್ಲುಗಳು ಕೆಂಪು ಟೋಪಿ ಹಾಕಿಕೊಂಡೇ ನಿಂತಿವೆ. ಬಣ್ಣ ಬಳಿಯುವವರು ಕಾಗದಪತ್ರದಷ್ಟು ಬೇಗ ಎಲ್ಲೂ ಬರುವುದಿಲ್ಲ ಎಂದು ನನಗೆ ಸ್ವಲ್ಪ ಸಮಾಧಾನವಾಯಿತು.

ಅಂದ ಮೇಲೆ ನಮ್ಮಲ್ಲಿ ಪ್ರಾಂತ್ಯ ಹೇಳುವುದು ಬಣ್ಣವಲ್ಲ, ಲಿಪಿ. ಹೆದ್ದಾರಿಯಲ್ಲಿ ಒಂದು ಕಲ್ಲು ಕನ್ನಡದಲ್ಲಿ, ಇನ್ನೊಂದು ನಾಗರಿಯಲ್ಲಿ, ಮತ್ತೊಂದು ಇಂಗ್ಲಿಷಿನಲ್ಲಿ ಬರುವುದನ್ನು ಬಸ್ಸಿನ ಕಿಟಕಿ ಪಕ್ಕ ಕೂತವರೆಲ್ಲ ನೋಡಿರುತ್ತಾರೆ. ಈ ಸರದಿ ತಪ್ಪಿದರೆ ಸುಮ್ಮನಿರುವ ಜನರಲ್ಲ ನಾವು. 2017ರಲ್ಲಿ ತಮಿಳುನಾಡಿನ ಹೆದ್ದಾರಿ ಕಲ್ಲುಗಳಲ್ಲಿ ಇಂಗ್ಲಿಷ್ ಅಳಿಸಿ ಹಿಂದಿ ಬರೆದಾಗ ಅಲ್ಲಿ ದೊಡ್ಡ ರಾಜಕೀಯವೇ ಆಯಿತು. ಹೊರಗಿನ ಆಟಗಾರರು ತಮಿಳನ್ನು ಅದರ ಮೂಲೆಗಳಿಂದ, ಮಲಯಾಳವನ್ನು ಅದರ ಸುರುಳಿಗಳಿಂದ ಬೇಗ ಹಿಡಿಯುತ್ತಾರೆ. ಅವರು ಒದ್ದಾಡುವುದು ಮುಳಬಾಗಿಲಿನ ಆಚೀಚೆ, ಕನ್ನಡ ಯಾವುದು ತೆಲುಗು ಯಾವುದು ಎಂಬಲ್ಲಿ. ಅದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಅಕ್ಷರದ ತಲೆಕಟ್ಟು ನೋಡಬೇಕಂತೆ: ಮೇಷ್ಟ್ರು ಸರಿ ಎಂದು ಹಾಕುವ ಗುರುತಿನಂತಿದ್ದರೆ ತೆಲುಗು, ಮಟ್ಟಸವಾದ ಗೆರೆ ಎಳೆದು ತುದಿ ಬಾಗಿಸಿದ್ದರೆ ಕನ್ನಡ. ಒಂದನೇ ತರಗತಿಯಿಂದ ಬರೆಯುತ್ತಿದ್ದರೂ ನಾನು ಇದನ್ನು ಹೀಗೆ ನೋಡಿರಲಿಲ್ಲ.

ಊರಷ್ಟೇ ಅಲ್ಲ, ಕಲ್ಲು ಕಾಲವನ್ನೂ ಹೇಳುತ್ತದೆ. ಇಂಗ್ಲಿಷಿನಲ್ಲಿ ಬ್ಯಾಂಗಲೋರ್, ಹುಬ್ಳಿ ಎಂದು ಇದ್ದರೆ ಅದು 2014ರ ನವೆಂಬರಿಗಿಂತ ಮೊದಲು ಬರೆದದ್ದು ಎಂದು ಊಹಿಸಬಹುದು, ಆಗಲೇ ಹನ್ನೆರಡು ಊರುಗಳ ಹೆಸರು ಬದಲಾದದ್ದು. ಕನ್ನಡದ ಕಲ್ಲಿನಲ್ಲಿ ಬೆಂಗಳೂರು ಯಾವಾಗಲೂ ಬೆಂಗಳೂರೇ, ಆದ್ದರಿಂದ ಅಲ್ಲಿ ಈ ಉಪಾಯ ನಡೆಯದು. ಬಿಜಾಪುರ, ಗುಲ್ಬರ್ಗ ಎಂದಿದ್ದರೆ ಮಾತ್ರ ನಡೆಯುತ್ತದೆ.

ಇನ್ನು ಕಲ್ಲಿನ ತಲೆಯ ಮೇಲಿರುವ ಹೆದ್ದಾರಿ ಸಂಖ್ಯೆ. 2010ರಲ್ಲಿ ಕೇಂದ್ರ ಸರ್ಕಾರ ಎಲ್ಲ ರಾಷ್ಟ್ರೀಯ ಹೆದ್ದಾರಿಗಳಿಗೂ ಹೊಸ ಸಂಖ್ಯೆ ಕೊಟ್ಟಿತು. ಪುಣೆ, ಬೆಳಗಾವಿ, ದಾವಣಗೆರೆ ದಾಟಿ ಬೆಂಗಳೂರಿಗೆ ಬರುವ ಹಳೆಯ 4 ಈಗ 48. ಬೆಂಗಳೂರಿನಿಂದ ಕೋಲಾರದ ಕಡೆ ಹೋಗುವ ಹಳೆಯ 4 ಮಾತ್ರ 75. ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವ ಹಳೆಯ 48 ಕೂಡ 75 ಆಯಿತು. ಹಾಗಾಗಿ 48 ಎಂಬ ಒಂದೇ ಅಂಕಿ ಎರಡು ರಸ್ತೆಗಳ ಕಲ್ಲುಗಳಲ್ಲಿ ಇರಬಹುದು. ಅಂಕಿ ಬಿಟ್ಟು ಅದರ ಕೆಳಗಿನ ಊರು ಓದಬೇಕು. 48ರ ಕೆಳಗೆ ಹಿರಿಯೂರು ಅಥವಾ ಸಿರಾ ಇದ್ದರೆ ಕಲ್ಲು ಹೊಸದು, ಬಯಲು ಸೀಮೆಯ ಕಡೆ ಗುರುತು ಒತ್ತಿ. ಹಾಸನವೋ ಸಕಲೇಶಪುರವೋ ಇದ್ದರೆ ಬಣ್ಣದವನು ಈಚೆಗೆ ಆ ಕಡೆ ಬಂದಿಲ್ಲ, ಗುರುತು ಮಲೆನಾಡಿನ ದಿಕ್ಕಿಗೆ ಹೋಗಬೇಕು. ಕಲ್ಲಿನಲ್ಲಿರುವುದು ನೆಲಮಂಗಲ ಒಂದೇ ಆದರೆ ಮಾತ್ರ ಕಷ್ಟ, ಎರಡು ರಸ್ತೆಗಳೂ ಅಲ್ಲಿಗೇ ಬಂದು ಸೇರುತ್ತವೆ.