ಶೂ ಡ್ರಾಪ್ ಮತ್ತು ಹಿಮ್ಮಡಿ ನೋವು

"ಶೂ ಹಾಕ್ಕೊಂಡು ಕುಕ್ಕರಹಳ್ಳಿ ಕೆರೆ ಸುತ್ತಿದ್ರೆ ಏನೂ ಆಗಲ್ಲ, ಮನೇಲಿ ಹವಾಯಿ ಚಪ್ಪಲಿ ಹಾಕಿದ್ರೆ ಹಿಮ್ಮಡಿ ಹಿಂದೆ ಹಿಡಿಯುತ್ತೆ, ಯಾಕೆ?"

ಡ್ರಾಪ್ ಅಂದರೆ ಹಿಮ್ಮಡಿ ಕೆಳಗಿನ ದಪ್ಪಕ್ಕೂ ಮುಂಗಾಲಿನ ಕೆಳಗಿನ ದಪ್ಪಕ್ಕೂ ಇರುವ ವ್ಯತ್ಯಾಸ. ಅಟ್ಟೆ ದಪ್ಪ ಇದ್ದರೆ ಡ್ರಾಪ್ ಜಾಸ್ತಿ ಅಂತ ಅಲ್ಲ. ಓಡುವ ಶೂಗಳಲ್ಲಿ ಹೆಚ್ಚಾಗಿ 8ರಿಂದ 12 ಮಿ.ಮೀ. ಇರುತ್ತೆ, ಹವಾಯಿಯಲ್ಲಿ ಹೆಚ್ಚುಕಡಿಮೆ ಸೊನ್ನೆ. ಹಿಮ್ಮಡಿ ಕೆಳಗಿಳಿದಷ್ಟೂ ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಜೋಡಿಸುವ ದಪ್ಪ ನಾರು, ಅಂದರೆ ಅಕಿಲಿಸ್ ಟೆಂಡನ್, ಎಳೆದುಕೊಳ್ಳುತ್ತೆ, ಮೂಳೆಗೆ ಅಂಟುವ ಜಾಗದಲ್ಲಿ ಮೂಳೆಗೇ ಒತ್ತಿಕೊಳ್ಳುತ್ತೆ.

ನಿಮಗೆ ನೋವು ಸರಿಯಾಗಿ ಆ ಮೂಳೆ ಮೇಲೇ ಇದ್ದರೆ, ಸ್ವಲ್ಪ ದಿನ ಮನೆಯಲ್ಲೂ ಹಿಮ್ಮಡಿ ಎತ್ತರ ಇರುವ ಚಪ್ಪಲಿ ಹಾಕಿ. ಶೂ ಒಳಗೆ ಹಿಮ್ಮಡಿ ಎತ್ತರಿಸುವ ಹೀಲ್ ಲಿಫ್ಟ್ ಇಡುವುದಾದರೆ ಎರಡೂ ಕಾಲಿಗೆ ಇಡಿ, ಒಂದಕ್ಕೆ ಮಾತ್ರ ಇಟ್ಟರೆ ಸೊಂಟ ಓರೆಯಾಗುತ್ತೆ. ಒತ್ತಿದರೆ ಕುಸಿಯುವ ಮೆತ್ತನೆಯ ಜೆಲ್ ಪ್ಯಾಡ್ ಸುಮ್ನೆ ದುಡ್ಡು ದಂಡ, ಗಟ್ಟಿ ಇರಬೇಕು. ಹಾಕಿದ ಮೇಲೆ ಹಿಮ್ಮಡಿ ಶೂನಿಂದ ಜಾರಿ ಹಿಂದಿನ ಅಂಚು ಉಜ್ಜುತ್ತಿದ್ದರೆ ಲಿಫ್ಟ್ ಆ ಶೂಗೆ ಜಾಸ್ತಿ ಆಯ್ತು ಅಂತ.

ಲಿಫ್ಟ್ ಟೆಂಡನ್ ಮೇಲಿನ ಭಾರ ಕಡಿಮೆ ಮಾಡುತ್ತೆ ಅಷ್ಟೇ, ಬಲ ಕೊಡಲ್ಲ. ಜೊತೆಗೆ ತುದಿಗಾಲಲ್ಲಿ ಎದ್ದು ಇಳಿಯುವ ವ್ಯಾಯಾಮ ಬೇಕು, ಆದರೆ ಮೆಟ್ಟಿಲ ಅಂಚಿನಲ್ಲಿ ಹಿಮ್ಮಡಿ ಕೆಳಗೆ ಇಳಿಬಿಟ್ಟಲ್ಲ, ಸಮತಟ್ಟು ನೆಲದಲ್ಲಿ. ನೋವು ತಗ್ಗಿದ ಮೇಲೆ ಲಿಫ್ಟನ್ನು ಒಂದೇ ಸಲ ಕಿತ್ತು ಹಾಕಬೇಡಿ, ಸ್ವಲ್ಪ ತೆಳುವಾದದ್ದಕ್ಕೆ ಬದಲಾಯಿಸುತ್ತಾ ಬನ್ನಿ. ಇದ್ದಕ್ಕಿದ್ದಂತೆ ಹಿಂದಿನಿಂದ ಯಾರೋ ಒದ್ದ ಹಾಗಾಗಿ ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ಮಾತ್ರ ಅವತ್ತೇ ಡಾಕ್ಟರ್ ಹತ್ತಿರ ಹೋಗಿ, ಟೆಂಡನ್ ಹರಿದಿರಬಹುದು.